ನೂರ ಒಂದನೇ ಬಿಲ್‌ಗೆ ಏನಾಗುತ್ತದೆ?

ಅಂಗಡಿಗಳಿಗೆ ಬಿಲ್ಲಿಂಗ್ ಆ್ಯಪ್ ಮಾರುವ ಕಂಪನಿಯೊಂದಿದೆ ಎಂದಿಟ್ಟುಕೊಳ್ಳಿ. ಅದರ ದರಪಟ್ಟಿಯಲ್ಲಿ ಬೇಸಿಕ್, ಸ್ಟ್ಯಾಂಡರ್ಡ್, ಪ್ರೀಮಿಯಂ ಎಂಬ ಮೂರು ಪ್ಲಾನ್‌ಗಳು. ಒಂದೊಂದರ ಕೆಳಗೂ ಹಸಿರು ಟಿಕ್ ಗುರುತುಗಳ ಉದ್ದನೆಯ ಸಾಲು. ಬೇಸಿಕ್‌ನ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ‘ತಿಂಗಳಿಗೆ ಕೇವಲ ₹199’, ಪಕ್ಕದಲ್ಲೊಂದು ಪುಟ್ಟ ನಕ್ಷತ್ರ. ಇದನ್ನು ತಿದ್ದಿ ಬರೆಯುವವರು ಮೊದಲು ಕೈ ಹಾಕಬೇಕಾದದ್ದು ಆ ನಕ್ಷತ್ರಕ್ಕೆ.

ಅದರ ಅರ್ಥ ಪುಟದ ತಳದಲ್ಲಿದೆ: ಹಣವನ್ನು ಇಡೀ ವರ್ಷಕ್ಕೆ ಒಟ್ಟಿಗೇ ಕಟ್ಟಬೇಕು, ಜಿಎಸ್‌ಟಿ ಬೇರೆ, ಈ ದರ ಮೊದಲ ವರ್ಷಕ್ಕೆ ಮಾತ್ರ, ಆಮೇಲೆ ತಿಂಗಳಿಗೆ ₹349. ಲೆಕ್ಕ ಹಾಕಿದರೆ ಶೇ. 18 ತೆರಿಗೆ ಸೇರಿ ಇವತ್ತೇ ಸುಮಾರು ₹2,818 ಹೋಗುತ್ತದೆ, ಮುಂದಿನ ವರ್ಷ ₹4,942. ಈ ಎರಡು ಮೊತ್ತಗಳೇ ಬೆಲೆಯ ಜಾಗದಲ್ಲಿ ಕೂರಬೇಕು. ತಿಂಗಳ ಲೆಕ್ಕ ಬೇಕಿದ್ದರೆ ಕೆಳಗಿರಲಿ.

ನವೀಕರಣದ ಮಾತನ್ನು ಮುಚ್ಚಿಡಬಾರದು ಎನ್ನುವುದಕ್ಕೆ ನಮ್ಮಲ್ಲಿ ಇನ್ನೊಂದು ಕಾರಣವೂ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡ್ ಅಥವಾ ಯುಪಿಐ ಆಟೋಪೇ ಒಪ್ಪಿಗೆಯನ್ನು ಒಮ್ಮೆ ಕೊಟ್ಟರೆ, ₹15,000ದೊಳಗಿನ ಮುಂದಿನ ಕಂತುಗಳಿಗೆ ಓಟಿಪಿ ಕೇಳುವುದಿಲ್ಲ. ಕಡಿತಕ್ಕೆ 24 ಗಂಟೆ ಮೊದಲು ಒಂದು ಸಂದೇಶ ಬರುತ್ತದೆ, ಅಷ್ಟೇ. ದಿನಕ್ಕೆ ಹತ್ತಾರು ಬ್ಯಾಂಕ್ ಸಂದೇಶ ಬರುವ ಅಂಗಡಿಯವರು ಅದನ್ನು ಓದುವರೇ? ಹಾಗಾಗಿ ‘ಯಾವಾಗ ಬೇಕಾದರೂ ರದ್ದು ಮಾಡಿ’ ಎಂಬ ಹಾರಿಕೆಯ ಮಾತಿನ ಬದಲು ಹೀಗೆ ಬರೆಯಬೇಕು: ‘ಒಂದು ವರ್ಷದ ನಂತರ ₹4,942 ತಾನಾಗಿ ಕಡಿತವಾಗುತ್ತದೆ. ಬೇಡವಾದರೆ ಅದರ ಹಿಂದಿನ ದಿನದೊಳಗೆ ಆ್ಯಪ್‌ನಲ್ಲೇ ನಿಲ್ಲಿಸಬಹುದು. ಈಗಾಗಲೇ ಕಟ್ಟಿದ್ದು ವಾಪಸ್ ಬರುವುದಿಲ್ಲ.’ ಕೊನೆಯ ವಾಕ್ಯವನ್ನು ಮಾರಾಟ ವಿಭಾಗ ಖಂಡಿತ ತೆಗೆಸಲು ನೋಡುತ್ತದೆ, ಬಿಟ್ಟುಕೊಡಬೇಡಿ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ, ಬೆಲೆಯನ್ನು ಕಂತುಕಂತಾಗಿ ಬಯಲು ಮಾಡುವುದನ್ನೂ ಚಂದಾದಿಂದ ಹೊರಬರುವ ದಾರಿಯನ್ನು ಬಚ್ಚಿಡುವುದನ್ನೂ ಮೋಸದ ತಂತ್ರಗಳ ಪಟ್ಟಿಗೆ ಸೇರಿಸಿದೆ.

ಇನ್ನು ಟಿಕ್ ಗುರುತುಗಳು. ಮೂರೂ ಪ್ಲಾನ್‌ಗಳಲ್ಲಿ ಇರುವುದನ್ನೆಲ್ಲ ‘ಎಲ್ಲದರಲ್ಲೂ ಸಿಗುವುದು’ ಎಂದು ಒಂದೆಡೆ ಸೇರಿಸಿಬಿಟ್ಟರೆ, ನಿಜವಾದ ವ್ಯತ್ಯಾಸ ಎರಡೋ ಮೂರೋ ಸಾಲಿಗೆ ಇಳಿಯುತ್ತದೆ: ಎಷ್ಟು ಮೊಬೈಲ್, ಎಷ್ಟು ಅಂಗಡಿ, ತಿಂಗಳಿಗೆ ಎಷ್ಟು ಬಿಲ್. ಬೇಸಿಕ್‌ಗೆ ‘100 ಬಿಲ್’ ಎಂದು ಬರೆದರೂ ಕೆಲಸ ಅರ್ಧವೇ ಆದಂತೆ. ಹಬ್ಬದ ಸಂಜೆ ಗಿರಾಕಿ ಎದುರಿಗೆ ನಿಂತಿರುವಾಗ ನೂರ ಒಂದನೇ ಬಿಲ್ ಹೊರಡುತ್ತದೆಯೋ, ಆ್ಯಪ್ ನಿಂತುಬಿಡುತ್ತದೆಯೋ, ಹೆಚ್ಚುವರಿ ಹಣ ಬೀಳುತ್ತದೆಯೋ? ಅನೇಕ ಸಲ ಇದಕ್ಕೆ ಕಂಪನಿಯೊಳಗೇ ಉತ್ತರ ಇರುವುದಿಲ್ಲ. ಬರೆಯುವವರು ಕೇಳಿದ ಮೇಲೆಯೇ ತೀರ್ಮಾನವಾಗುತ್ತದೆ.

ತಿದ್ದಿದ ಪುಟವನ್ನು ಆ್ಯಪ್ ನೋಡಿರದ ಅಂಗಡಿಯವರೊಬ್ಬರ ಕೈಗೆ ಕೊಟ್ಟು ಮೂರೇ ಪ್ರಶ್ನೆ ಕೇಳಿ. ಇವತ್ತು ಎಷ್ಟು ಹೋಗುತ್ತದೆ? ಮುಂದಿನ ವರ್ಷ ಎಷ್ಟು? ಮಿತಿ ಮುಗಿದರೆ ಏನು? ಉತ್ತರ ಹುಡುಕುತ್ತ ಅವರ ಬೆರಳು ಪುಟದ ತಳಕ್ಕೆ ಜಾರಿದರೆ, ಅಲ್ಲಿರುವ ಸಾಲನ್ನು ಮೇಲಕ್ಕೆ ತರಬೇಕು.