ಒಂದನೇ ತಾರೀಖೋ, ಸೇರಿದ ತಾರೀಖೋ?

“ಕನೆಕ್ಷನ್ ಕೊಡುವಾಗ ಆರುನೂರು ಅಂದಿದ್ರಿ. ಈಗ ಸಾವಿರದ ಹದಿನಾಲ್ಕು ರೂಪಾಯಿ ಎಂಬತ್ತು ಪೈಸೆ ಬಿಲ್ ಬಂದಿದೆ. ಏನ್ರೀ ಇದು?”

ತಿಂಗಳ ಮೊದಲ ವಾರದಲ್ಲಿ ಯಾವುದೇ ಊರಿನ ಬ್ರಾಡ್‌ಬ್ಯಾಂಡ್ ಕಚೇರಿಗೆ ಹೋಗಿ ಕೂತರೆ ಇಂಥ ಫೋನ್ ಒಂದಾದರೂ ಕೇಳಿಬರುತ್ತದೆ. ಹಾಗೆಂದು ಬಿಲ್ಲಿನಲ್ಲಿ ತಪ್ಪಿರುವುದಿಲ್ಲ. ಗ್ರಾಹಕರು ಸೇರಿದ್ದು ಜೂನ್ 18ಕ್ಕೆ. ಪ್ಲಾನ್ ತಿಂಗಳಿಗೆ 600 ರೂಪಾಯಿ, ಅಂದರೆ ಮೂವತ್ತು ದಿನದ ಜೂನ್‌ನಲ್ಲಿ ದಿನಕ್ಕೆ 20. ಹದಿನೆಂಟರಿಂದ ಮೂವತ್ತರವರೆಗೆ 13 ದಿನಕ್ಕೆ 260 ರೂಪಾಯಿ. ಅದರ ಜೊತೆ ಮುಂಗಡವಾಗಿ ಇಡೀ ಜುಲೈಗೆ 600. ಒಟ್ಟು 860ಕ್ಕೆ ಶೇ 18 ಜಿಎಸ್‌ಟಿ ಸೇರಿದಾಗ 1,014.80. ಲೆಕ್ಕ ಸರಿಯಾಗಿಯೇ ಇದೆ, ಗ್ರಾಹಕರ ಸಿಟ್ಟೂ ಸರಿಯಾಗಿಯೇ ಇದೆ. ಎರಡು ತುಂಡುಗಳು ಒಂದೇ ಬಿಲ್ಲಿನಲ್ಲಿ ಬರುತ್ತವೆಂದು ಅವರಿಗೆ ಯಾರೂ ಹೇಳಿರಲಿಲ್ಲ.

ತಿಂಗಳಾ ತಿಂಗಳು ದುಡ್ಡು ತೆಗೆದುಕೊಳ್ಳುವ ವ್ಯವಹಾರಗಳಲ್ಲಿ ಬಿಲ್ಲಿನ ದಿನವನ್ನು ಗೊತ್ತುಮಾಡಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಎಲ್ಲರಿಗೂ ಒಂದನೇ ತಾರೀಖು. ಇನ್ನೊಂದು, ಯಾರು ಯಾವ ದಿನ ಸೇರಿದರೋ ಅವರಿಗೆ ಪ್ರತಿ ತಿಂಗಳು ಅದೇ ದಿನ. ಮೊದಲನೆಯದು ನಮ್ಮ ಮನೆಗಳಿಗೆ ಹೊಸದಲ್ಲ. ಹಾಲಿನ ವರ್ತನೆ, ಪೇಪರಿನ ದುಡ್ಡು ಎಲ್ಲವೂ ತಿಂಗಳ ಲೆಕ್ಕವೇ. ಊರಿಗೆ ಹೋದ ನಾಲ್ಕು ದಿನ ಹಾಲು ಬೇಡವೆಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ತಿಂಗಳ ಕೊನೆಗೆ ಅಷ್ಟು ಕಳೆದು ಕೊಡುತ್ತಿದ್ದರು. ಆ ಲೆಕ್ಕದಲ್ಲಿ ಜಗಳ ಕಡಿಮೆ, ಏಕೆಂದರೆ ಹಾಲು ಕುಡಿದಾದ ಮೇಲೆ ದುಡ್ಡು. ಇಂಟರ್‌ನೆಟ್, ಜಿಮ್, ಪಿಜಿ ಮುಂತಾದವುಗಳಲ್ಲಿ ಸಾಮಾನ್ಯವಾಗಿ ದುಡ್ಡು ಮೊದಲು. ಹಾಗಾಗಿಯೇ ಮೊದಲ ಬಿಲ್ಲಿನಲ್ಲಿ ಹಳೆಯ ತುಂಡು, ಹೊಸ ತಿಂಗಳು ಎರಡೂ ಒಟ್ಟಿಗೆ ಬಂದು ಕೂರುತ್ತವೆ.

ತುಂಡು ದಿನಗಳ ದರವನ್ನು ಹೇಗೆ ಕಟ್ಟಬೇಕೆಂಬುದೂ ಮೊದಲೇ ತೀರ್ಮಾನವಾಗಬೇಕು. ಕೆಲವರು ಯಾವ ತಿಂಗಳಾದರೂ ಮೂವತ್ತರಿಂದ ಭಾಗಿಸುತ್ತಾರೆ. ಬಾಯಲ್ಲಿ ಹೇಳುವುದಕ್ಕೆ ಅದು ಸುಲಭ. ಆದರೆ ಜುಲೈ 2ಕ್ಕೆ ಸೇರಿದವರು 30 ದಿನಕ್ಕೆ ಇಪ್ಪತ್ತರಂತೆ ಪೂರ್ತಿ 600 ಕೊಡಬೇಕಾಗುತ್ತದೆ, 31 ದಿನ ಪಡೆದವರು ಕೊಡುವುದೂ ಅಷ್ಟೇ. ಆ ತಿಂಗಳಿನ ನಿಜವಾದ ದಿನಗಳಿಂದ ಭಾಗಿಸಿದರೆ ಈ ಅನ್ಯಾಯ ಇರುವುದಿಲ್ಲ. ಬದಲಿಗೆ ದಿನದ ದರ ಜುಲೈನಲ್ಲಿ 19.35, ಫೆಬ್ರುವರಿಯಲ್ಲಿ 21.43 ಎಂದು ಓಡಾಡುತ್ತದೆ. ನಿಜವಾದ ದಿನಗಳ ಲೆಕ್ಕವೇ ಮೇಲು. ಪೈಸೆಯ ವಿವರ ಕೇಳುವ ಗ್ರಾಹಕರಿಗೆ ಕ್ಯಾಲೆಂಡರ್ ತೋರಿಸಿ ಉತ್ತರ ಕೊಡಬಹುದು. ಮೂವತ್ತರ ಲೆಕ್ಕಕ್ಕೆ ‘ನಮ್ಮಲ್ಲಿ ಹೀಗೇ’ ಎನ್ನುವುದೊಂದೇ ಉತ್ತರ.

ಸೇರಿದ ತಾರೀಖಿನ ಪದ್ಧತಿಯಲ್ಲಿ ಮೊದಲ ಬಿಲ್ಲಿನ ಈ ತಕರಾರು ಹುಟ್ಟುವುದೇ ಇಲ್ಲ. ಹದಿನೆಂಟಕ್ಕೆ ಸೇರಿ 600 ಮತ್ತು ತೆರಿಗೆ ಕೊಟ್ಟರೆ ಮುಂದಿನ ಹದಿನೇಳರವರೆಗೆ ನಿಶ್ಚಿಂತೆ. ತುಂಡಿಲ್ಲ, ಭಾಗಾಕಾರವಿಲ್ಲ. ಇಲ್ಲಿ ಪ್ರಶ್ನೆಗಳು ತಡವಾಗಿ, ಬೇರೆ ಬಾಗಿಲಿನಿಂದ ಬರುತ್ತವೆ.

ಜನವರಿ 31ಕ್ಕೆ ಸೇರಿದವರ ಫೆಬ್ರುವರಿ ಬಿಲ್ ಯಾವಾಗ? 28ಕ್ಕೆ ಎಂದು ಯಾರಾದರೂ ಹೇಳಿಯಾರು. ಮಾರ್ಚ್ ಬಿಲ್? ಎಡವುವುದು ಇಲ್ಲಿ. ಹಿಂದಿನ ಬಿಲ್ಲಿನ ತಾರೀಖಿಗೆ ಒಂದು ತಿಂಗಳು ಕೂಡಿಸುತ್ತ ಹೋಗುವ ತಂತ್ರಾಂಶ 28 ಎನ್ನುತ್ತದೆ, ಮತ್ತೆಂದೂ 31ಕ್ಕೆ ಮರಳುವುದಿಲ್ಲ. ಸರಿಯಾದ ಕ್ರಮದಲ್ಲಿ ಸೇರಿದ ದಿನವನ್ನು ಬೇರೆಯಾಗಿಯೇ ಬರೆದಿಟ್ಟು, ಆ ದಿನವಿಲ್ಲದ ತಿಂಗಳಲ್ಲಿ ಮಾತ್ರ ಕೊನೆಯ ದಿನಕ್ಕೆ ಇಳಿಯಬೇಕು. ಆಗ ಫೆಬ್ರುವರಿ 28, ಮಾರ್ಚ್ 31, ಏಪ್ರಿಲ್ 30. ಸ್ಟ್ರೈಪ್ ಎಂಬ ಪಾವತಿ ಸೇವೆ `billing_cycle_anchor` ಎಂಬ ಹೆಸರಿನಲ್ಲಿ ಇಟ್ಟುಕೊಳ್ಳುವುದು ಇದೇ ಮೂಲ ದಿನವನ್ನು. ತಮ್ಮ ತಂತ್ರಾಂಶ ಸರಿಯಿದೆಯೇ ಎಂದು ನೋಡಬೇಕಾದವರು ಜನವರಿ ಕೊನೆಯಲ್ಲಿ ಸೇರಿದ ಗ್ರಾಹಕರ ಏಪ್ರಿಲ್ ಬಿಲ್ಲುಗಳನ್ನು ತೆಗೆದು ನೋಡಿದರೆ ಸಾಕು. ಎಲ್ಲವೂ 28ಕ್ಕೇ ನಿಂತಿದ್ದರೆ ತಾರೀಖು ಜಾರಿದೆ ಎಂದರ್ಥ.

ಸೇರಿದ ತಾರೀಖು ಎಂದು ಹೇಳಿಕೊಂಡು ಒಳಗೆ ಮೂವತ್ತು ದಿನ ಎಣಿಸುವವರೂ ಇದ್ದಾರೆ. ಎರಡೂ ಒಂದೇ ಎಂದು ಮೇಲ್ನೋಟಕ್ಕೆ ಅನ್ನಿಸುತ್ತದೆ. 2025ರ ಜನವರಿ 5ರಿಂದ ಮೂವತ್ತು ಮೂವತ್ತು ದಿನ ಎಣಿಸುತ್ತ ಹೋಗಿ. ಫೆಬ್ರುವರಿ 4, ಮಾರ್ಚ್ 6, ಏಪ್ರಿಲ್ 5 ಎಂದು ದಾಟುತ್ತ, ವರ್ಷದ ಕೊನೆಗೆ ಡಿಸೆಂಬರ್ 1ಕ್ಕೊಂದು, ಡಿಸೆಂಬರ್ 31ಕ್ಕೊಂದು ಬಿಲ್. ಒಂದೇ ತಿಂಗಳಲ್ಲಿ ಎರಡು ಸಲ ಯಾಕೆ ದುಡ್ಡು ಹಿಡಿದಿರಿ ಎಂಬ ಫೋನ್ ಆ ದಿನವೇ ಬರುತ್ತದೆ.

ಮೊಬೈಲ್ ರೀಚಾರ್ಜ್‌ನಲ್ಲಿ ಇಡೀ ದೇಶವೇ ಇದನ್ನು ಅನುಭವಿಸಿತು. 28 ದಿನದ ಪ್ಲಾನ್ ಹಾಕಿಸುತ್ತಿದ್ದವರು ವರ್ಷಕ್ಕೆ ಹನ್ನೆರಡರ ಬದಲು ಹದಿಮೂರು ಸಲ ದುಡ್ಡು ಕಟ್ಟುತ್ತಿದ್ದರು. ಟ್ರಾಯ್ 2022ರ ಜನವರಿಯಲ್ಲಿ ಆದೇಶ ಹೊರಡಿಸಿ, ಪ್ರತಿ ಕಂಪನಿಯೂ 30 ದಿನದ ಪ್ಲಾನ್‌ಗಳನ್ನೂ, ಪ್ರತಿ ತಿಂಗಳು ಅದೇ ತಾರೀಖಿಗೆ ನವೀಕರಣವಾಗುವ ಪ್ಲಾನ್‌ಗಳನ್ನೂ ಇಡಬೇಕೆಂದಿತು. ಆ ತಾರೀಖು ಯಾವ ತಿಂಗಳಲ್ಲಿ ಇಲ್ಲವೋ ಆ ತಿಂಗಳ ಕೊನೆಯ ದಿನವೇ ನವೀಕರಣದ ದಿನ ಎಂದೂ ಅದರಲ್ಲೇ ಬರೆಯಿತು. 30 ದಿನ, ಅದೇ ತಾರೀಖು ಇವೆರಡನ್ನೂ ಬೇರೆ ಬೇರೆಯಾಗಿ ಹೇಳಿದ್ದು ಗಮನಿಸಬೇಕಾದ ಸಂಗತಿ.

ಇನ್ನು ಕಚೇರಿಯ ಒಳಗಿನ ಲೆಕ್ಕ. ಜಿಲ್ಲಾ ಕೇಂದ್ರವೊಂದರ ಆಪರೇಟರ್ ಬಳಿ 500 ಕನೆಕ್ಷನ್ ಇವೆ ಎಂದಿಟ್ಟುಕೊಳ್ಳೋಣ. ತೆರಿಗೆ ಬಿಟ್ಟು ತಿಂಗಳ ಆದಾಯ ಮೂರು ಲಕ್ಷ. ಎಲ್ಲರ ಬಿಲ್ಲೂ ಒಂದನೇ ತಾರೀಖಿಗೇ ಬಂದರೆ ಮೊದಲ ವಾರದಲ್ಲಿ ಖಾತೆ ತುಂಬುತ್ತದೆ. ಹುಡುಗರ ಸಂಬಳ, ಅಂಗಡಿ ಬಾಡಿಗೆ, ಮೇಲಿನ ಕಂಪನಿಗೆ ಬ್ಯಾಂಡ್‌ವಿಡ್ತ್ ದುಡ್ಡು ಎಲ್ಲವನ್ನೂ ಹತ್ತರೊಳಗೆ ಕಟ್ಟಿಬಿಡಬಹುದು. ಇಪ್ಪತ್ತೈದರ ಹೊತ್ತಿಗೆ ಖಾತೆ ಬರಿದು. ಆ ವಾರ ಮಳೆಗೆ ಕೇಬಲ್ ಕಿತ್ತುಹೋಗಿ ಹೊಸ ಫೈಬರ್ ಎಳೆಯಬೇಕಾದರೆ ಕೈಸಾಲವೇ ಗತಿ. ಫೋನುಗಳೂ ಹಾಗೆಯೇ. ಒಂದರಿಂದ ಐದರವರೆಗೆ ಸಾಲುಗಟ್ಟಿ ಬರುತ್ತವೆ, ಆಮೇಲೆ ಮೌನ. ಬಿಲ್ಲಿಂಗ್‌ಗೆ ಒಬ್ಬರೇ ಇರುವ ಕಚೇರಿಯಲ್ಲಿ ಆ ಐದು ದಿನ ಅರ್ಧ ಜನಕ್ಕೆ ಉತ್ತರವೇ ಸಿಗುವುದಿಲ್ಲ.

ಸೇರಿದ ತಾರೀಖಿನ ಪದ್ಧತಿಯಲ್ಲಿ ದಿನಕ್ಕೆ ಹದಿನಾರು ಹದಿನೇಳು ಬಿಲ್, ಸುಮಾರು ಹತ್ತು ಸಾವಿರ ರೂಪಾಯಿ. ಕೈಯಲ್ಲಿ ಸದಾ ದುಡ್ಡು ಓಡಾಡುತ್ತಿರುತ್ತದೆ. ಆದರೆ ಒಂದನೇ ತಾರೀಖಿಗೆ ತೊಂಬತ್ತು ಸಾವಿರ ಸಂಬಳ ಕೊಡಬೇಕಿದ್ದರೆ, ಅದಕ್ಕೆ ಒಂಬತ್ತು ದಿನ ಮೊದಲಿನಿಂದ ಬಂದದ್ದನ್ನೆಲ್ಲ ಮುಟ್ಟದೆ ಎತ್ತಿಡಬೇಕು. ದಿನವೂ ಬರುವ ದುಡ್ಡು ದಿನವೂ ಖರ್ಚಾಗುವ ಸ್ವಭಾವದ್ದು. ಮೇಲಾಗಿ ಹತ್ತು ಸಾವಿರವೆಂಬುದು ಸರಾಸರಿ ಮಾತ್ರ. ಯುಗಾದಿ ಆಫರ್ ಇಟ್ಟು ಒಂದೇ ವಾರದಲ್ಲಿ ಎಂಬತ್ತು ಕನೆಕ್ಷನ್ ಮಾರಿದ್ದರೆ, ಆ ಎಂಬತ್ತು ಬಿಲ್ಲುಗಳೂ ಪ್ರತಿ ತಿಂಗಳು ಅದೇ ವಾರಕ್ಕೆ ಬಂದು ಸೇರುತ್ತವೆ.

ಜಿಎಸ್‌ಟಿಯಲ್ಲೂ ತಾರೀಖಿಗೆ ಬೆಲೆಯಿದೆ. ತಿಂಗಳಾ ತಿಂಗಳು ರಿಟರ್ನ್ ಸಲ್ಲಿಸುವವರು ಜುಲೈ 31ರ ಬಿಲ್ಲಿನ ತೆರಿಗೆಯನ್ನು ಆಗಸ್ಟ್ 20ರೊಳಗೆ ಕಟ್ಟಬೇಕು. ಅದೇ ಬಿಲ್ ಆಗಸ್ಟ್ 1ಕ್ಕೆ ಹೊರಟರೆ ಸೆಪ್ಟೆಂಬರ್ 20ರವರೆಗೆ ಸಮಯ. ಗ್ರಾಹಕರು ಇನ್ನೂ ದುಡ್ಡು ಕೊಟ್ಟಿಲ್ಲವೆಂದು ತೆರಿಗೆ ಕಾಯುವುದಿಲ್ಲ. ಆದ್ದರಿಂದ ಎಲ್ಲ ಬಿಲ್ಲುಗಳನ್ನೂ ಒಂದೇ ದಿನ ಹೊರಡಿಸುವವರಿಗೆ ತಿಂಗಳ ಕೊನೆಯ ದಿನಕ್ಕಿಂತ ಒಂದನೇ ತಾರೀಖೇ ವಾಸಿ.

ಅತಿ ಹೆಚ್ಚು ಏಟು ಬೀಳುವುದು ಒಂದು ಪದ್ಧತಿಯಿಂದ ಇನ್ನೊಂದಕ್ಕೆ ದಾಟುವಾಗ. ನಮ್ಮ ಆಪರೇಟರ್ ಆಗಸ್ಟ್‌ನಿಂದ ಎಲ್ಲರನ್ನೂ ಒಂದನೇ ತಾರೀಖಿಗೆ ತರಲು ಹೊರಟರು ಎನ್ನಿ. ಹದಿನೆಂಟರ ಗ್ರಾಹಕರು ಆಗಸ್ಟ್ 17ರವರೆಗೆ ಆಗಲೇ ಕೊಟ್ಟಾಗಿದೆ. ಅವರಿಗೆ 18ರಿಂದ 31ರವರೆಗಿನ 14 ದಿನಕ್ಕೆ 270.97 ರೂಪಾಯಿಯ ಬಿಲ್ ಮಾತ್ರ ಹಾಕಲು ಸಾಧ್ಯ. ಐದಕ್ಕೆ ಸೇರಿದವರಿಂದ 27 ದಿನದ ದುಡ್ಡು, ಇಪ್ಪತ್ತೊಂಬತ್ತಕ್ಕೆ ಸೇರಿದವರಿಂದ ಮೂರೇ ದಿನದ್ದು. ಗ್ರಾಹಕರು ಎಲ್ಲ ತಾರೀಖುಗಳಲ್ಲೂ ಸಮನಾಗಿ ಹರಡಿದ್ದರೆ ಸರಾಸರಿ 31ರಲ್ಲಿ 16 ದಿನ. ಮೂರು ಲಕ್ಷ ಬರುತ್ತಿದ್ದ ಕಡೆ ಆಗಸ್ಟ್‌ನಲ್ಲಿ ಬರುವುದು ಸುಮಾರು ಒಂದು ಲಕ್ಷ ಐವತ್ತೈದು ಸಾವಿರ! ಯಾರೂ ಬಿಟ್ಟುಹೋಗಿಲ್ಲ, ಯಾರೂ ಬಾಕಿ ಉಳಿಸಿಕೊಂಡಿಲ್ಲ, ಆದರೂ ಅರ್ಧ ಆದಾಯ ಕಾಣೆ. ಖರ್ಚು ಮಾತ್ರ ಎಂದಿನಷ್ಟೇ.

ತುಂಡು ದಿನಗಳ ಜೊತೆ ಸೆಪ್ಟೆಂಬರನ್ನೂ ಸೇರಿಸಿ ಒಂದೇ ಸಲ 870.97 ಕೇಳಿದರೆ ಈ ಹಳ್ಳ ಬೀಳುವುದಿಲ್ಲ. ಹಾಗೆ ಮಾಡಿದರೆ ಹೊಸ ಗ್ರಾಹಕರು ಮೊದಲ ಬಿಲ್ಲಿಗೆ ಕೇಳಿದ ಪ್ರಶ್ನೆಯನ್ನು ಐದು ವರ್ಷದ ಹಳೆಯ ಗ್ರಾಹಕರೂ ಕೇಳುತ್ತಾರೆ, ಹೆಚ್ಚು ನೋವಿನಿಂದ ಕೇಳುತ್ತಾರೆ. ಸಂಬಳದ ದಿನಕ್ಕೆ ಹೊಂದಿಸಿ ಆಟೋಪೇ ಇಟ್ಟುಕೊಂಡವರ ಖಾತೆಯಲ್ಲಿ ಹದಿನೆಂಟಕ್ಕೆ ಅಷ್ಟು ದುಡ್ಡು ಇಲ್ಲದೆಯೂ ಹೋಗಬಹುದು. ಹಿಡಿಯುವ ಮೊತ್ತವನ್ನು ಕನಿಷ್ಠ 24 ಗಂಟೆ ಮೊದಲು ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿದೆ. ಆದರೆ ಸಂಸಾರದ ಖರ್ಚು ಹೊಂದಿಸಿಕೊಳ್ಳಲು ಒಂದು ದಿನ ಸಾಲದು.

ಎರಡರ ನಡುವೆ ಇನ್ನೊಂದು ದಾರಿಯಿದೆ. ತಿಂಗಳಲ್ಲಿ ಎರಡೋ ಮೂರೋ ದಿನಗಳನ್ನು, ಉದಾಹರಣೆಗೆ 5 ಮತ್ತು 20, ಇಟ್ಟು ಗ್ರಾಹಕರನ್ನೇ ಆರಿಸಿಕೊಳ್ಳಲು ಬಿಡುವುದು. ಕ್ರೆಡಿಟ್ ಕಾರ್ಡುಗಳಲ್ಲಿ ಬಿಲ್ಲಿನ ಸುತ್ತನ್ನು ಕನಿಷ್ಠ ಒಂದು ಸಲ ಬದಲಿಸಿಕೊಳ್ಳುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ಒಂದನೇ ತಾರೀಖಿಗೆ ಸಂಬಳ ಬರುವವರು ಐದನ್ನು ಹಿಡಿಯುತ್ತಾರೆ. ಮನೆಗೊಂದು, ಅಂಗಡಿಗೊಂದು ಕನೆಕ್ಷನ್ ಇರುವವರು ಎರಡನ್ನೂ ಒಂದೇ ದಿನಕ್ಕೆ ತಂದುಕೊಳ್ಳುತ್ತಾರೆ. ಆಪರೇಟರ್‌ಗೆ ತಿಂಗಳ ಎರಡನೇ ಅರ್ಧದಲ್ಲೂ ಒಂದಿಷ್ಟು ಹಣ ಬರುತ್ತದೆ. ಹೊಸಬರನ್ನು ಮೊದಲು ಈ ದಿನಗಳಿಗೆ ಸೇರಿಸಿ, ಹಳಬರನ್ನು ತಿಂಗಳಿಗೆ ನೂರರಂತೆ ದಾಟಿಸಿದರೆ ಆಗಸ್ಟ್‌ನ ಆ ಹಳ್ಳ ಒಂದೇ ತಿಂಗಳ ಮೇಲೆ ಬೀಳದೆ ಐದು ತಿಂಗಳಿಗೆ ಹಂಚಿಹೋಗುತ್ತದೆ.

ಯಾವ ದಿನವನ್ನೇ ಇಟ್ಟರೂ ಕನೆಕ್ಷನ್ ಕೊಡುವ ಹುಡುಗರ ಕೈಯಲ್ಲಿ ಒಂದು ಚೀಟಿ ಇರಬೇಕು. ಜೂನ್ 18ರ ಗ್ರಾಹಕರಿಗಾಗಿದ್ದರೆ ಅದರಲ್ಲಿ ಮೂರು ಸಾಲು: ‘ಜೂನ್ 18ರಿಂದ 30, 13 ದಿನ, ತೆರಿಗೆ ಸೇರಿ ₹306.80. ಜುಲೈ ಪೂರ್ತಿ, ₹708. ಆಗಸ್ಟ್‌ನಿಂದ ಪ್ರತಿ ತಿಂಗಳು ₹708 ಮಾತ್ರ.’ ಇದನ್ನು ಕೊಡಬೇಕಾದ್ದು ರೂಟರ್ ಹಚ್ಚಿದ ದಿನವೇ, ಬಿಲ್ ಬರುವ ಮೊದಲು.