ಪರಿಶೋಧಕರ ಕಡತವನ್ನು ಪರಿಶೋಧಿಸುವವರು
ಬ್ಯಾಂಕಿನ ಆಂತರಿಕ ಲೆಕ್ಕಪರಿಶೋಧನಾ ವಿಭಾಗ ಎಲ್ಲರ ಕಡತ ನೋಡುತ್ತದೆ. ಅದರ ಕಡತ ನೋಡುವವರು ಯಾರು? 2025ರ ಜನವರಿಯಲ್ಲಿ ಜಾರಿಗೆ ಬಂದ ಜಾಗತಿಕ ಮಾನದಂಡಗಳ ಪ್ರಕಾರ ವಿಭಾಗ ಆಗಾಗ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳಬೇಕು. 5 ವರ್ಷಕ್ಕೊಮ್ಮೆಯಾದರೂ ಹೊರಗಿನ ಸ್ವತಂತ್ರ ಪರಿಶೀಲಕರಿಂದ ಪರೀಕ್ಷೆ ಮಾಡಿಸಿಕೊಳ್ಳಬೇಕು.

ನಮೂನೆ ತುಂಬಿದೆಯೇ ಎಂದಷ್ಟೇ ನೋಡಿದಾಗ ಸ್ವಯಂ ಪರೀಕ್ಷೆ ಎಡವುತ್ತದೆ. ಚಿನ್ನದ ಸಾಲದ ಒಂದು ವರದಿಯನ್ನೇ ತೆಗೆದುಕೊಳ್ಳಿ. ‘ಲೋಪ ಸರಿಪಡಿಸಲಾಗಿದೆ’ ಎಂಬ ಷರಾ ಇದೆ, ಮೇಲಧಿಕಾರಿಯ ಸಹಿಯೂ ಇದೆ. ಹೊರಗಿನವರು ಪುರಾವೆ ಕೇಳಿದಾಗ ಸಿಗುವುದು ಶಾಖಾ ವ್ಯವಸ್ಥಾಪಕರ ಇಮೇಲ್ ಮಾತ್ರ. ಒಡವೆಯನ್ನು ಮತ್ತೆ ತೂಗಿದ ದಾಖಲೆಯೇ ಇಲ್ಲ. ಸಹಿಯ ದಿನಾಂಕ ವರದಿ ಹೊರಟ ನಂತರದ್ದಾಗಿದ್ದರಂತೂ ಮೇಲ್ವಿಚಾರಣೆ ಸಕಾಲದಲ್ಲಿ ನಡೆದಿತ್ತೇ ಎಂದು ಕೇಳಲೇಬೇಕು. ಈ ಫಲಿತಾಂಶ ವಿಭಾಗದ ಮುಖ್ಯಸ್ಥರ ಮೇಜಿನಲ್ಲೇ ಉಳಿಯದೆ, ಸರಿಪಡಿಸುವ ಗಡುವಿನ ಸಮೇತ ಆಡಳಿತ ಮಂಡಳಿಗೆ ಹೋಗಬೇಕು.