ಮುಖದ ಮಾಸ್ಕ್ ಹುಬ್ಬಿನಲ್ಲೇ ನಿಲ್ಲುವುದೇಕೆ?

ಫೋಟೊದಿಂದ ಮುಖವನ್ನು ಬೇರ್ಪಡಿಸಲು `dlib`ನ ಪ್ರಸಿದ್ಧ ಮಾದರಿ 68 ಬಿಂದುಗಳನ್ನು ಗುರುತಿಸುತ್ತದೆ. ಮೊಳೆಗಳ ಸುತ್ತ ರಬ್ಬರ್ ಬ್ಯಾಂಡ್ ಬಿಗಿದಂತೆ `cv2.convexHull` ತೀರಾ ಹೊರಗಿನ ಬಿಂದುಗಳನ್ನು ಜೋಡಿಸುತ್ತದೆ. ಅದರ ಒಳಭಾಗಕ್ಕೆ ಬಿಳಿ ತುಂಬಿದರೆ ಮಾಸ್ಕ್ ಸಿದ್ಧ.

ಆದರೆ 0ರಿಂದ 16 ದವಡೆಯ ಬಿಂದುಗಳು, 17ರಿಂದ 26 ಹುಬ್ಬಿನವು; ಹಣೆಗೆ ಒಂದೂ ಇಲ್ಲ. ಹಾಗಾಗಿ ಹಣೆಯೂ ಕೂದಲಂಚೂ ಹೊರಗುಳಿಯುತ್ತವೆ. ಗಲ್ಲದ ತುದಿ 8ನೆಯ ಬಿಂದು. ಗಡ್ಡವಿದ್ದರೆ, ಬಾಯಿ ಅಗಲವಾಗಿ ತೆರೆದಿದ್ದರೆ ಅದು ಮೇಲೆ ಸರಿದು ಗಲ್ಲವನ್ನೂ ಕತ್ತರಿಸಬಹುದು. ಮಾಸ್ಕಿನ ಅಂಚನ್ನು ಫೋಟೊದ ಮೇಲೇ ಗೆರೆಯಾಗಿ ಎಳೆದರೆ ತಪ್ಪು ಕಾಣುತ್ತದೆ.

ಹುಬ್ಬಿನಿಂದ ಮೂಗಿನ ಬುಡಕ್ಕೆ 60 ಪಿಕ್ಸೆಲ್ ಇದೆ ಎನ್ನಿ. ಹುಬ್ಬಿನ ಬಿಂದುಗಳ ನಕಲನ್ನು ಅಷ್ಟೇ ಮೇಲಕ್ಕೆ, ಮುಖ ವಾಲಿದ ದಿಕ್ಕಿನಲ್ಲೇ ಸರಿಸಿ ಸೇರಿಸಿದರೆ ಹಣೆ ಬಹುಪಾಲು ಒಳಬರುತ್ತದೆ. ಇದು ಅಂದಾಜಷ್ಟೇ: ಹಣೆಯ ಮೇಲೆ ಕೂದಲು ಇಳಿದಿದ್ದರೆ ಅದೂ ಮಾಸ್ಕಿಗೆ ಸೇರುತ್ತದೆ.